ಹಳೆಯ ಪತ್ರವನ್ನು ತಿದ್ದದೆ, ಇದ್ದದ್ದು ಇದ್ದ ಹಾಗೆ ಟೈಪ್ ಮಾಡುವ ಕ್ರಮ

ಸ್ಕ್ಯಾನ್ ಮಾಡಿದ ಕೈಬರಹದ ಪತ್ರವನ್ನು ಮುಂದಿಟ್ಟುಕೊಂಡು ಟೈಪ್ ಮಾಡಲು ಕೂತರೆ ತಪ್ಪು ತಿದ್ದುವವರು ಇಬ್ಬರಿರುತ್ತಾರೆ. ಒಂದು ಕಂಪ್ಯೂಟರ್, ಇನ್ನೊಂದು ನಮ್ಮ ಕಣ್ಣು. ಕಂಪ್ಯೂಟರನ್ನು ಸುಮ್ಮನಾಗಿಸಲು ಹತ್ತು ನಿಮಿಷ ಸಾಕು. ಕಣ್ಣನ್ನು ಸುಮ್ಮನಾಗಿಸುವುದೇ ಕಷ್ಟ. ಕನ್ನಡ ಚೆನ್ನಾಗಿ ಬಲ್ಲವರು ‘ಆಲು ಕುಡಿಯುತ್ತಿಲ್ಲಾ’ ಎಂಬುದನ್ನು ಓದುವಾಗಲೇ ‘ಹಾಲು ಕುಡಿಯುತ್ತಿಲ್ಲ’ ಎಂದು ಓದಿಕೊಂಡಿರುತ್ತಾರೆ. ಬೆರಳು ಓದಿದ್ದನ್ನೇ ಒತ್ತುತ್ತದೆ. ಈ ಮಾರ್ಗದರ್ಶಿಯ ಬಹುಪಾಲು ಈ ಎರಡನೆಯ ತೊಂದರೆಯ ಬಗ್ಗೆ.

ಉದಾಹರಣೆಗೆಂದು ಒಂದು ಸಣ್ಣ ಪತ್ರವನ್ನು ಇಲ್ಲಿ ಕಟ್ಟಿಕೊಂಡಿದ್ದೇವೆ. ತಂಗಿ ಅಣ್ಣನಿಗೆ ಶಾಯಿ ಪೆನ್ನಿನಲ್ಲಿ ಬರೆದದ್ದು, ಮೊದಲ ಪುಟದ ಮೇಲಿನ ಆರು ಸಾಲು. ಕೆಲಸ ಮುಗಿದಾಗ ಅದು ಹೀಗಿರಬೇಕು:

```
              ॥ ಶ್ರೀ ॥
ತಿರ್ಥರೂಪು ಅಣ್ಣನವರಿಗೆ,, ನಿಮ್ಮ ತಂಗಿಯ ನಮಸ್ಕಾರಗಳು
ಉ॥ ಕು॥ ಸಾಂ॥ ಅಮ್ಮನಿಗೆ ಉಶಾರಿಲ್ಲ ಮೊನ್ನೆ ಯಿಂದ
ಆಲು ಕುಡಿಯುತ್ತಿಲ್ಲಾ..... [ಹೊಡೆದದ್ದು: ವೈದ್ಯ] ಡಾಕ್ಟರು ಬಂದಿ
ದ್ದರು - ಔಷದಿ ಕೊಟ್ಟರು ೧[೦?] ದಿನ ಬೆಕು ಅಂದರು ನಿವು
ನಿವು ಬೇಗ ಬೇಗ ಬನ್ನಿ.!
```

ಈ ಆರು ಸಾಲಿನಲ್ಲಿ ಈ ಕೆಲಸದ ಹೆಚ್ಚುಕಡಿಮೆ ಎಲ್ಲ ತೊಡಕುಗಳೂ ಇವೆ. ಅಲ್ಲಿಗೆ ಹೇಗೆ ತಲುಪುವುದು ಎಂದು ಮೊದಲಿನಿಂದ ನೋಡೋಣ.

ಮೊದಲು ಸ್ಕ್ಯಾನ್ ನಂಬುವಂತಿದೆಯೇ ನೋಡಿ

ಬರೆದವರ ತಪ್ಪು ಯಾವುದು, ಸ್ಕ್ಯಾನರಿನ ತಪ್ಪು ಯಾವುದು ಎಂದು ಬೇರ್ಪಡಿಸಲು ಆಗದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥ. ಕನ್ನಡದಲ್ಲಿ ‘ತಿ’ಯನ್ನು ‘ತೀ’ ಮಾಡುವುದು ಪಕ್ಕದ ಒಂದು ಚಿಕ್ಕ ಗೀಟು. ‘ದ’ವನ್ನು ‘ಧ’ ಮಾಡುವುದು ಹೊಟ್ಟೆ ಸೀಳುವ ಒಂದು ಸಣ್ಣ ಕಡ್ಡಿ. ತೆಳುವಾದ ನೀಲಿ ಶಾಯಿಯಲ್ಲಿ ಬರೆದದ್ದನ್ನು ಬರೀ ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಇಂಥ ಗೆರೆಗಳೇ ಮೊದಲು ಮಾಯವಾಗುತ್ತವೆ. ಆಮೇಲೆ ನೀವು ‘ತಿರ್ಥರೂಪು’, ‘ಔಷದಿ’ ಎಂದು ಶ್ರದ್ಧೆಯಿಂದ ಟೈಪ್ ಮಾಡಿ, ಇಲ್ಲದ ತಪ್ಪನ್ನು ಬರೆದವರ ತಲೆಗೆ ಕಟ್ಟುತ್ತೀರಿ.

ಆದ್ದರಿಂದ ಬಣ್ಣದಲ್ಲಿ ಅಥವಾ ಬೂದುಛಾಯೆಯಲ್ಲಿ ಮಾಡಿದ ಸ್ಕ್ಯಾನ್ ಬೇಕು. ರೆಸಲ್ಯೂಷನ್ 300 ಡಿಪಿಐಗಿಂತ ಕಡಿಮೆ ಇರಬಾರದು, ಅಕ್ಷರ ಚಿಕ್ಕದಿದ್ದರೆ 600 ಇರಲಿ. ಫೈಲ್ TIFF ಅಥವಾ PNG ಆಗಿದ್ದರೆ ಒಳ್ಳೆಯದು. PDF ಮಾತ್ರ ಕೈಯಲ್ಲಿದ್ದರೆ, ಅದನ್ನು ತುಂಬಾ ಕುಗ್ಗಿಸಿದ್ದಾರೆಯೇ ಎಂದು ವಿಚಾರಿಸಿ. JBIG2 ಎಂಬ ಕುಗ್ಗಿಸುವ ವಿಧಾನದ ಒಂದು ಬಗೆಯು ಹೆಚ್ಚುಕಡಿಮೆ ಒಂದೇ ಥರ ಕಾಣುವ ಎರಡು ಆಕಾರಗಳನ್ನು ಒಂದೇ ಎಂದು ಪರಿಗಣಿಸಿ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಬಲ್ಲದು. ಹಾಗೆ ಬದಲಾದ ಅಕ್ಷರ ಮಸುಕಾಗಿರುವುದಿಲ್ಲ, ಸ್ವಚ್ಛವಾಗಿಯೇ ಕಾಣುತ್ತದೆ. ಹಾಗಾಗಿ ಅನುಮಾನ ಕೂಡ ಬರುವುದಿಲ್ಲ.

ಪತ್ರ ಮಡಿಸಿದ ಗೆರೆಯ ಮೇಲೆ ಬಿದ್ದ ಅಕ್ಷರಗಳನ್ನು, ಹಿಂಬದಿಯ ಶಾಯಿ ಇಳಿದು ಬಂದಿರುವ ಜಾಗಗಳನ್ನು ಮೊದಲೇ ಗುರುತು ಹಾಕಿಕೊಳ್ಳಿ. ಹಿಂಬದಿಯಿಂದ ಇಳಿದ ಚುಕ್ಕಿ ಪೂರ್ಣವಿರಾಮದಂತೆಯೇ ಕಾಣುತ್ತದೆ. ಹಿಂದಿನ ಪುಟದ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಪಕ್ಕದಲ್ಲಿಟ್ಟು ನೋಡಿದರೆ ಚುಕ್ಕಿ ಯಾವ ಕಡೆಯದು ಎಂದು ತಿಳಿಯುತ್ತದೆ.

ಬರೆದವರ ಅಕ್ಷರಪಟ್ಟಿ

ಒಂದಕ್ಷರವನ್ನೂ ಟೈಪ್ ಮಾಡುವ ಮೊದಲು ಇಡೀ ಪತ್ರವನ್ನು ಎರಡು ಸಲ ಓದಿ. ಮೊದಲ ಸಲ ವಿಷಯಕ್ಕಾಗಿ, ಎರಡನೇ ಸಲ ಅಕ್ಷರಕ್ಕಾಗಿ. ಎರಡನೇ ಓದಿನಲ್ಲಿ ಆ ಕೈಯ ಅಕ್ಷರಗಳನ್ನು ಚಿತ್ರದಿಂದ ಕತ್ತರಿಸಿ ಒಂದು ಪುಟದಲ್ಲಿ ಅಂಟಿಸಿಕೊಳ್ಳಿ. ಎಲ್ಲ ಅಕ್ಷರ ಬೇಕಿಲ್ಲ. ಗೊಂದಲ ಮಾಡುವ ಜೋಡಿಗಳು ಸಾಕು. ದ, ಧ, ಥ ಒಂದು ಗುಂಪು. ಬ, ಭ. ಪ, ಷ, ಫ. ಮ ಮತ್ತು ವು. ಹ್ರಸ್ವ ದೀರ್ಘಗಳು. ಪ್ರತಿಯೊಂದಕ್ಕೂ ಅನುಮಾನಕ್ಕೆ ಎಡೆಯಿಲ್ಲದ ಎರಡು ಮೂರು ಮಾದರಿ ಸಿಕ್ಕರೆ ಪಟ್ಟಿ ಮುಗಿಯಿತು.

ಇದರ ಉಪಯೋಗ ‘ಔಷದಿ’ಯಲ್ಲಿ ಕಾಣುತ್ತದೆ. ಆ ಪದದ ‘ದ’ ಹೊಟ್ಟೆ ಸೀಳಿದೆಯೋ ಇಲ್ಲವೋ ಎಂದು ಬರೀ ಅದನ್ನೇ ದೊಡ್ಡದು ಮಾಡಿ ನೋಡಿದರೆ ತಿಳಿಯುವುದಿಲ್ಲ. ಇದೇ ಕೈ ಎರಡನೇ ಪುಟದಲ್ಲಿ ‘ಧೈರ್ಯ’ ಎಂದು ಬರೆದಿದೆ ಅಂದುಕೊಳ್ಳಿ. ಅಲ್ಲಿ ಸೀಳಿನ ಕಡ್ಡಿ ಅಕ್ಷರದ ಕೆಳಗೆ ಚಾಚಿಕೊಂಡು ಸ್ಪಷ್ಟವಾಗಿದೆ. ಹಾಗಿದ್ದರೆ ಈ ಕೈಗೆ ‘ಧ’ ಬರೆಯಲು ಬರುತ್ತದೆ, ಬರೆದಾಗ ಎದ್ದು ಕಾಣುತ್ತದೆ, ‘ಔಷದಿ’ಯಲ್ಲಿ ಅದು ಇಲ್ಲ. ‘ದ’ ಎಂದೇ ಟೈಪ್ ಮಾಡಿ. ಇಡೀ ಪತ್ರದಲ್ಲಿ ಎಲ್ಲಿಯೂ ಸೀಳಿದ ಅಕ್ಷರ ಇಲ್ಲದಿದ್ದರೂ ‘ದ’ ಎಂದೇ ಟೈಪ್ ಮಾಡುತ್ತೀರಿ, ಆದರೆ ಪತ್ರದ ತಲೆಯಲ್ಲಿ ‘ಬರೆದವರು ಮಹಾಪ್ರಾಣಗಳನ್ನು ಬಳಸುವುದಿಲ್ಲ’ ಎಂದು ಒಂದು ಸಾಲು ಸೇರಿಸಬಹುದು. ಆ ಒಂದು ಸಾಲು ಮುಂದಿನ ಐವತ್ತು ಟಿಪ್ಪಣಿಗಳನ್ನು ಉಳಿಸುತ್ತದೆ.

‘ಹ’ಕಾರದ ವಿಷಯದಲ್ಲೂ ಹೀಗೆಯೇ. ‘ಉಶಾರಿಲ್ಲ’, ‘ಆಲು’ ಎರಡನ್ನೂ ನೋಡಿದರೆ ಬರೆದವರು ಆಡಿದಂತೆ ಬರೆದಿದ್ದಾರೆ ಎನಿಸುತ್ತದೆ. ಅದೇ ಕೈ ಇನ್ನೊಂದು ಕಡೆ ‘ಹಬ್ಬ’ ಎಂದು ಸರಿಯಾಗಿ ಬರೆದಿದ್ದರೆ ಅದನ್ನೂ ಹಾಗೆಯೇ ಬಿಡಬೇಕು. ಒಂದೇ ಪತ್ರದಲ್ಲಿ ಒಂದೇ ಪದ ಎರಡು ರೂಪದಲ್ಲಿದ್ದರೆ ಎರಡು ರೂಪವೂ ಉಳಿಯಬೇಕು. ಒಂದಕ್ಕೊಂದು ಹೊಂದಿಸಿಬಿಡೋಣ ಎನ್ನುವ ಆಸೆ ತಪ್ಪು ತಿದ್ದುವ ಆಸೆಯಷ್ಟೇ ಬಲವಾದದ್ದು, ಅಷ್ಟೇ ಹಾನಿಕರ.

ಕಂಪ್ಯೂಟರನ್ನು ಸುಮ್ಮನಾಗಿಸುವುದು

ಮೊದಲ ಪ್ರತಿಯನ್ನು ಸಾದಾ ಪಠ್ಯ ಫೈಲಿನಲ್ಲಿ, UTF-8ನಲ್ಲಿ ಉಳಿಸಿ. ಅಲಂಕಾರವೆಲ್ಲ ಆಮೇಲೆ. ವರ್ಡ್‌ನಲ್ಲೇ ಮಾಡಬೇಕೆಂದಿದ್ದರೆ File > Options > Proofing > AutoCorrect Options ತೆರೆದು, AutoCorrect ಮತ್ತು AutoFormat As You Type ಎಂಬ ಎರಡೂ ಪುಟಗಳಲ್ಲಿ ಟಿಕ್‌ಗಳನ್ನು ತೆಗೆಯಿರಿ. ಗೂಗಲ್ ಡಾಕ್ಸ್‌ನಲ್ಲಿ Tools > Preferences ಒಳಗೆ ಇದೇ ಕೆಲಸ ಮಾಡಬೇಕು. ತೆಗೆಯದಿದ್ದರೆ ನೇರ ಉದ್ಧರಣ ಚಿಹ್ನೆ ಬಾಗುತ್ತದೆ, ಎರಡು ಸಣ್ಣ ಗೆರೆ ಕೂಡಿ ಒಂದು ಉದ್ದ ಗೆರೆಯಾಗುತ್ತದೆ, ಮೂರು ಚುಕ್ಕಿಗಳು ಒಂದೇ ಅಕ್ಷರವಾಗಿ ಕೂಡಿಕೊಳ್ಳುತ್ತವೆ. ನಮ್ಮ ಪತ್ರದ ನಾಲ್ಕನೇ ಸಾಲಿನಲ್ಲಿ ಐದು ಚುಕ್ಕಿಗಳಿವೆ. ಮೂರು ಕೂಡಿ ಒಂದಾಗಿ ಎರಡು ಉಳಿದರೆ ತೆರೆಯ ಮೇಲೆ ಐದರಂತೆಯೇ ಕಾಣುತ್ತದೆ, ಹುಡುಕಲು ಹೋದಾಗ ಸಿಗುವುದಿಲ್ಲ.

ಕನ್ನಡಕ್ಕೆ ಇದಕ್ಕಿಂತ ದೊಡ್ಡ ಅಪಾಯ ಕೀಲಿಮಣೆಯಲ್ಲಿದೆ. ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರಣೆ ಒತ್ತಿದರೆ ಕನ್ನಡ ಪದವನ್ನು ಊಹಿಸಿ ಕೊಡುವ ಸಾಧನಗಳು ನಿಘಂಟಿನ ಪದವನ್ನೇ ಮೊದಲು ಮುಂದಿಡುತ್ತವೆ. beku ಎಂದು ಒತ್ತಿದರೆ ‘ಬೇಕು’ ಬರುತ್ತದೆ; ಪತ್ರದಲ್ಲಿರುವುದು ‘ಬೆಕು’. ಫೋನಿನ ಕೀಲಿಮಣೆಯ ಸಲಹೆಪಟ್ಟಿಯೂ ಇದೇ ಸ್ವಭಾವದ್ದು. ಈ ಕೆಲಸಕ್ಕೆ ಒಂದು ಕೀಲಿಗೆ ಒಂದು ಚಿಹ್ನೆ ಕೊಡುವ ವಿನ್ಯಾಸವೇ ಸರಿ: ಇನ್‌ಸ್ಕ್ರಿಪ್ಟ್ ಅಥವಾ ನುಡಿ ತಂತ್ರಾಂಶದಲ್ಲಿರುವ ಕೆ.ಪಿ. ರಾವ್ ವಿನ್ಯಾಸ. ಅದು ನೀವು ಒತ್ತಿದ್ದನ್ನು ಕೊಡುತ್ತದೆ, ನೀವು ಒತ್ತಬೇಕಿದ್ದದ್ದನ್ನು ಅಲ್ಲ. ನುಡಿ ಬಳಸುವವರು ಯೂನಿಕೋಡ್‌ನಲ್ಲೇ ಟೈಪ್ ಮಾಡುತ್ತಿದ್ದೇವೆಯೇ ಎಂದು ಖಚಿತ ಮಾಡಿಕೊಳ್ಳಿ. ಹಳೆಯ ಫಾಂಟ್ ಸಂಕೇತದಲ್ಲಿ ಟೈಪ್ ಮಾಡಿ ಆಮೇಲೆ ಪರಿವರ್ತಿಸಿದರೆ, ಅಪರೂಪದ ಒತ್ತಕ್ಷರಗಳೂ ತಪ್ಪು ಕಾಗುಣಿತಗಳೂ ಪರಿವರ್ತನೆಯಲ್ಲಿ ಕೆಡಬಹುದು. ನಮಗೆ ಬೇಕಾದದ್ದು ಅವೇ.

ಕೆಂಪು ಅಂಕುಡೊಂಕು ಗೆರೆ ಹಾಕುವ ಕಾಗುಣಿತ ಪರೀಕ್ಷೆಯನ್ನೂ ಮುಚ್ಚಿ. ಅದು ತಾನಾಗಿ ತಿದ್ದುವುದಿಲ್ಲ ನಿಜ. ಆದರೆ ಕೆಂಪು ಗೆರೆ ಕಂಡ ಪದವನ್ನು ಮಾತ್ರ ಎಚ್ಚರದಿಂದ ನೋಡಿ, ಗೆರೆಯಿಲ್ಲದ್ದನ್ನು ಸರಿಯೆಂದು ಬಿಡುವ ಅಭ್ಯಾಸ ಬರುತ್ತದೆ. ಇಲ್ಲಿ ಬೇಕಿರುವುದು ತಿರುಗಾಮುರುಗಾ: ಗೆರೆಯಿಲ್ಲದ ಪದವೇ ನೀವು ತಿಳಿಯದೆ ತಿದ್ದಿದ ಪದವಾಗಿರಬಹುದು.

ಮೂರು ಪದರಗಳನ್ನು ಬೇರೆ ಇಡಿ

ಟೈಪ್ ಮಾಡಿದ ಪತ್ರದಲ್ಲಿ ಮೂರು ಬಗೆಯ ಸಂಗತಿಗಳು ಸೇರಿಕೊಳ್ಳುತ್ತವೆ. ಬರೆದವರು ಬರೆದದ್ದು, ನಿಮಗೆ ಓದಲಾಗದೆ ಹೋದದ್ದು, ನಿಮಗೆ ಅನಿಸಿದ್ದು. ಮೊದಲನೆಯದು ಯಾವ ಚಿಹ್ನೆಯೂ ಇಲ್ಲದೆ ಇರಲಿ. ಉಳಿದೆರಡೂ ಚೌಕ ಆವರಣದೊಳಗೆ ಮಾತ್ರ. ದುಂಡು ಆವರಣ ಬೇಡ, ಏಕೆಂದರೆ ಪತ್ರ ಬರೆಯುವವರು ಅದನ್ನು ತಾವೇ ಬಳಸುತ್ತಾರೆ. ನಾಳೆ ಯಾರದು ಯಾವುದು ಎಂದು ಗೊತ್ತಾಗುವುದಿಲ್ಲ.

ಚಿಹ್ನೆಗಳು ನಾಲ್ಕೈದು ಸಾಕು. ಓದು ಅನುಮಾನವಾದರೆ ಆ ಭಾಗವನ್ನು ಮಾತ್ರ ಆವರಣದಲ್ಲಿಟ್ಟು ಪ್ರಶ್ನಾರ್ಥಕ ಹಾಕಿ. ನಮ್ಮ ಪತ್ರದಲ್ಲಿ ‘೧[೦?] ದಿನ’ ಎಂದಿದೆ: ‘೧’ ಸ್ಪಷ್ಟ, ಮುಂದಿನದು ‘೦’ ಇರಬೇಕು, ಮಡಿಕೆಯ ಮೇಲೆ ಬಿದ್ದು ‘೨’ ಕೂಡ ಇರಬಹುದು. ಇಡೀ ಪದಕ್ಕೆ ಪ್ರಶ್ನಾರ್ಥಕ ಹಾಕಿದರೆ ಖಚಿತವಾದ ಭಾಗವನ್ನೂ ಅನುಮಾನಕ್ಕೆ ತಳ್ಳಿದಂತಾಯಿತು. ಏನೂ ಓದಲಾಗದಿದ್ದರೆ [ಓದಲಾಗದು: ಸುಮಾರು 3 ಅಕ್ಷರ] ಎಂದು ಅಳತೆ ಸಮೇತ ಬರೆಯಿರಿ. ಹೊಡೆದು ಹಾಕಿದ ಪದಕ್ಕೆ [ಹೊಡೆದದ್ದು: ವೈದ್ಯ], ಸಾಲಿನ ಮೇಲೆ ತುರುಕಿದ್ದಕ್ಕೆ [ಮೇಲೆ ಸೇರಿಸಿದ್ದು: …]. ಹೊಡೆದದ್ದನ್ನು ಬಿಟ್ಟುಬಿಡಬೇಡಿ. ‘ವೈದ್ಯ’ ಎಂದು ಶುರು ಮಾಡಿ ‘ಡಾಕ್ಟರು’ ಎಂದು ಬದಲಿಸಿದ್ದು ಬರೆದವರದೇ ತಿದ್ದುಪಡಿ, ನಿಮ್ಮದಲ್ಲ.

ಪ್ರತಿ ತಪ್ಪಿನ ಮುಂದೆ ‘ಮೂಲದಲ್ಲಿರುವಂತೆ’ ಎಂದು ಹಾಕುವ ಚಟ ಬಹಳ ಜನಕ್ಕಿದೆ. ನಮ್ಮ ಅಭಿಪ್ರಾಯದಲ್ಲಿ ಅದು ಬೇಡ. ಆರು ಸಾಲಿಗೆ ಎಂಟು ಸಲ ಹಾಕಿದರೆ ಪತ್ರ ಓದಲು ಬರುವುದಿಲ್ಲ. ಜೊತೆಗೆ ಪ್ರತಿ ಸಲವೂ ಬರೆದವರತ್ತ ಬೆರಳು ತೋರಿಸಿದಂತಿರುತ್ತದೆ. ಫೈಲಿನ ತಲೆಯಲ್ಲಿ ‘ಕಾಗುಣಿತ, ವಿರಾಮಚಿಹ್ನೆ, ಸಾಲುಗಳು ಮೂಲದಂತೆಯೇ ಇವೆ, ಚೌಕ ಆವರಣದಲ್ಲಿರುವುದು ಟೈಪ್ ಮಾಡಿದವರದು’ ಎಂದು ಒಮ್ಮೆ ಹೇಳಿದರೆ ಸಾಕು. ಓದುಗರು ಇದು ಟೈಪಿಂಗ್ ದೋಷವೇ ಇರಬೇಕು ಎಂದುಕೊಳ್ಳುವ ಜಾಗದಲ್ಲಿ ಮಾತ್ರ ಟಿಪ್ಪಣಿ ಕೊಡಿ. ನಮ್ಮಲ್ಲಿ ಅಂಥ ಜಾಗ ‘ನಿವು’ ಎರಡು ಸಲ ಬಂದಿರುವುದು.

ಅದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮೊದಲ ‘ನಿವು’ ಐದನೇ ಸಾಲಿನ ಕೊನೆಯಲ್ಲಿದೆ, ಎರಡನೆಯದು ಆರನೇ ಸಾಲಿನ ಮೊದಲಲ್ಲಿ. ಸಾಲು ಮುಗಿದು ಕೈ ಎಡಕ್ಕೆ ಹೋಗುವಷ್ಟರಲ್ಲಿ ಬರೆದದ್ದು ಮರೆತು ಮತ್ತೆ ಬರೆಯುವುದು ಕೈಬರಹದಲ್ಲಿ ಬಲು ಸಾಮಾನ್ಯ. ಅದರ ಪಕ್ಕದ ‘ಬೇಗ ಬೇಗ’ ಮಾತ್ರ ತಪ್ಪೇ ಅಲ್ಲ, ಕನ್ನಡದ ದ್ವಿರುಕ್ತಿ. ನೀವು ಸಾಲುಗಳನ್ನು ಮೂಲದಂತೆ ಮುರಿಯದೆ ಒಂದೇ ಸಮನೆ ಟೈಪ್ ಮಾಡಿದ್ದರೆ ‘ನಿವು ನಿವು ಬೇಗ ಬೇಗ ಬನ್ನಿ’ ಎಂದಾಗುತ್ತಿತ್ತು. ಆಗ ಎರಡೂ ಒಂದೇ ಬಗೆಯ ಒತ್ತಾಯದಂತೆ ಕೇಳಿ, ತಂಗಿಯ ಧ್ವನಿಯೇ ಬದಲಾಗುತ್ತಿತ್ತು. ಸಾಲಿನ ತುದಿಯನ್ನು ಉಳಿಸಿಕೊಳ್ಳುವುದು ಇದಕ್ಕೇ. ‘ಬಂದಿ’ ‘ದ್ದರು’ ಎಂದು ಒಡೆದ ಪದವನ್ನೂ ಹಾಗೆಯೇ ಬಿಡಿ, ಬರೆದವರು ಅಡ್ಡಗೆರೆ ಹಾಕದಿದ್ದರೆ ನೀವೂ ಹಾಕಬೇಡಿ.

ಟೈಪ್ ಮಾಡುವಾಗ: ಪದವಲ್ಲ, ಅಕ್ಷರ

ವೇಗವಾಗಿ ಟೈಪ್ ಮಾಡಬಲ್ಲವರು ಒಂದು ನೋಟಕ್ಕೆ ಅರ್ಧ ಸಾಲು ಹಿಡಿದಿಟ್ಟುಕೊಳ್ಳುತ್ತಾರೆ. ನೆನಪಿನಲ್ಲಿ ಉಳಿಯುವುದು ಅರ್ಥ, ಕಾಗುಣಿತವಲ್ಲ. ಅರ್ಥದಿಂದ ಪದವನ್ನು ಮತ್ತೆ ಕಟ್ಟುವಾಗ ನಿಮ್ಮ ಕಾಗುಣಿತ ಸೇರಿಕೊಳ್ಳುತ್ತದೆ. ಆದ್ದರಿಂದ ಒಂದು ನೋಟಕ್ಕೆ ಒಂದೇ ಪದ, ಉದ್ದದ ಪದವಾದರೆ ಎರಡು ಮೂರು ಅಕ್ಷರ. ಮನಸ್ಸಿನಲ್ಲಿ ‘ಉ, ಶಾ, ರಿ, ಲ್ಲ’ ಎಂದು ಬಿಡಿಸಿ ಹೇಳಿಕೊಂಡು ಒತ್ತಿ. ಚಿತ್ರವನ್ನು ತೆರೆಯ ಮೇಲರ್ಧದಲ್ಲಿ, ಪಠ್ಯವನ್ನು ಕೆಳಗಿನರ್ಧದಲ್ಲಿ ಇಟ್ಟು, ಟೈಪ್ ಮಾಡುತ್ತಿರುವ ಸಾಲು ಚಿತ್ರದ ಕೆಳತುದಿಗೆ ಬರುವಂತೆ ಸರಿಸುತ್ತ ಹೋದರೆ ಕಣ್ಣು ಹೆಚ್ಚು ದೂರ ಓಡಾಡಬೇಕಿಲ್ಲ, ಸಾಲೂ ತಪ್ಪುವುದಿಲ್ಲ.

‘ಉಶಾರಿಲ್ಲ’ ಎಂಬುದರಲ್ಲಿ ಒಂದು ವಿಶೇಷ ಬಲೆ ಇದೆ. ರೂಢಿಯ ‘ಹುಷಾರಿಲ್ಲ’ಕ್ಕಿಂತ ಅದು ಎರಡು ಕಡೆ ಬೇರೆ: ‘ಹು’ ಹೋಗಿ ‘ಉ’ ಆಗಿದೆ, ‘ಷಾ’ ಹೋಗಿ ‘ಶಾ’ ಆಗಿದೆ. ಎಚ್ಚರದಿಂದಿರುವವರೂ ಎದ್ದು ಕಾಣುವ ‘ಉ’ವನ್ನು ಉಳಿಸಿ, ತಿಳಿಯದೆ ‘ಉಷಾರಿಲ್ಲ’ ಎಂದು ಒತ್ತಿಬಿಡುತ್ತಾರೆ. ಇಂಥ ಅರ್ಧ ತಿದ್ದುಪಡಿ ಪೂರ್ತಿ ತಿದ್ದುಪಡಿಗಿಂತ ಕೆಟ್ಟದ್ದು. ಅದು ಬರೆದವರ ರೂಪವೂ ಅಲ್ಲ, ರೂಢಿಯ ರೂಪವೂ ಅಲ್ಲ. ಪತ್ರದಲ್ಲಿಲ್ಲದ ಪದವೊಂದು ಹುಟ್ಟಿತು, ನೋಡಲು ಮಾತ್ರ ಮೂಲನಿಷ್ಠವಾಗಿ ಕಾಣುತ್ತದೆ. ಒಂದು ಪದದಲ್ಲಿ ಒಂದು ವ್ಯತ್ಯಾಸ ಕಂಡ ಕೂಡಲೇ ಅಲ್ಲೇ ನಿಂತು ಇನ್ನೊಂದಿದೆಯೇ ಎಂದು ಹುಡುಕಿ.

ಇದರ ವಿರುದ್ಧ ದಿಕ್ಕಿನ ತಪ್ಪೂ ಇದೆ. ಎರಡು ಪುಟ ಟೈಪ್ ಮಾಡಿದ ಮೇಲೆ ‘ಇವರಿಗೆ ದೀರ್ಘ ಬರುವುದಿಲ್ಲ’ ಎಂಬ ನಂಬಿಕೆ ಕೂತುಬಿಡುತ್ತದೆ. ಆಮೇಲೆ ಸರಿಯಾಗಿ ಬರೆದ ‘ಬೇಗ’ವೂ ‘ಬೆಗ’ ಆಗಿ ಟೈಪ್ ಆಗುತ್ತದೆ. ‘ಬೆಕು’, ‘ನಿವು’ಗಳಲ್ಲಿ ದೀರ್ಘ ಬಿಟ್ಟ ಕೈಯೇ ‘ಬೇಗ’ದಲ್ಲಿ ಅದನ್ನು ಸರಿಯಾಗಿ ಹಾಕಿದೆ. ತಪ್ಪನ್ನು ಉಳಿಸುವಷ್ಟೇ ಕಟ್ಟುನಿಟ್ಟಾಗಿ ಸರಿಯನ್ನೂ ಉಳಿಸಬೇಕು.

ಪದಗಳ ನಡುವಿನ ಜಾಗದ ವಿಷಯಕ್ಕೆ ಒಂದು ತೀರ್ಮಾನ ಮೊದಲೇ ಮಾಡಿಕೊಳ್ಳಿ. ಕೈಬರಹದಲ್ಲಿ ಜಾಗಕ್ಕೆ ಅಳತೆಯಿಲ್ಲ, ಆದ್ದರಿಂದ ಸಣ್ಣದೋ ದೊಡ್ಡದೋ ಒಂದೇ ಖಾಲಿ ಜಾಗ ಸಾಕು. ಆದರೆ ಜಾಗ ಇದೆಯೇ ಇಲ್ಲವೇ ಎಂಬುದು ಮುಖ್ಯ. ‘ಮೊನ್ನೆ ಯಿಂದ’ ಎಂದು ಬಿಡಿಸಿ ಬರೆದಿದ್ದರೆ ಬಿಡಿಸಿಯೇ ಬರೆಯಿರಿ.

ವಿರಾಮಚಿಹ್ನೆಗಳು

ಎರಡನೇ ಸಾಲಿನ ಜೋಡಿ ಅಲ್ಪವಿರಾಮ, ಕೊನೆಯ ‘.!’, ಸಾಲಿನ ಕೊನೆಯಲ್ಲಿ ಚುಕ್ಕಿಯೇ ಇಲ್ಲದಿರುವುದು ಎಲ್ಲವೂ ಹಾಗೆಯೇ ಬರಬೇಕು. ಇಲ್ಲದ ಪೂರ್ಣವಿರಾಮವನ್ನು ಹಾಕದಿರುವುದು ಇರುವುದನ್ನು ಉಳಿಸುವುದಕ್ಕಿಂತ ಕಷ್ಟ. ‘ನಮಸ್ಕಾರಗಳು’ ಎಂಬಲ್ಲಿ ವಾಕ್ಯ ಮುಗಿದಂತಾಗಿ ಬೆರಳು ತಾನಾಗಿ ಚುಕ್ಕಿ ಒತ್ತಿರುತ್ತದೆ. ಚುಕ್ಕಿಗಳ ಸಾಲು ಬಂದರೆ ಎಣಿಸಿ. ಐದಿದ್ದರೆ ಐದು.

ಹಳೆಯ ಪತ್ರಗಳ ‘ಉ॥ ಕು॥ ಸಾಂ॥’ ಎಂಬ ಸಂಕ್ಷೇಪವನ್ನು ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಬಿಡಿಸಿ ಬರೆಯಬೇಡಿ. ಬಿಡಿಸಿದ ರೂಪದ ಜಾಗ ಟಿಪ್ಪಣಿ. ಆ ಜೋಡಿ ಗೆರೆಗೆ ತನ್ನದೇ ಯೂನಿಕೋಡ್ ಸಂಕೇತವಿದೆ, U+0965. ಒಂಟಿ ಗೆರೆಗೆ U+0964. ಯೂನಿಕೋಡ್‌ನಲ್ಲಿ ಇವು ದೇವನಾಗರಿಯ ಪಟ್ಟಿಯಲ್ಲಿದ್ದರೂ ಕನ್ನಡಕ್ಕೂ ಅವೇ. ಕೀಲಿಮಣೆಯ ನೇರ ಗೆರೆಯನ್ನು ಎರಡು ಸಲ ಒತ್ತಿ ಕೆಲಸ ಮುಗಿಸಿದರೆ ಹುಡುಕುವಾಗ ಅರ್ಧ ಪತ್ರಗಳು ಸಿಗುವುದಿಲ್ಲ.

ಒಂದೇ ಆಕಾರ, ಎರಡು ಸಂಕೇತ

ಕನ್ನಡದಲ್ಲಿ ಸೊನ್ನೆಯ ಆಕಾರ ಎರಡು ಕೆಲಸ ಮಾಡುತ್ತದೆ. ಅನುಸ್ವಾರವಾಗಿ U+0C82, ಅಂಕಿಯಾಗಿ U+0CE6. ಅರ್ಕಾವತ್ತಿನ ಆಕಾರ ಅಂಕಿ ‘೯’ನ್ನು ಹೋಲುತ್ತದೆ. ಕೈಯಲ್ಲಿ ಬರೆದವರು ಇವೆರಡರ ನಡುವೆ ಆಯ್ಕೆ ಮಾಡಿಲ್ಲ, ಒಂದು ಸುತ್ತು ಎಳೆದಿದ್ದಾರೆ ಅಷ್ಟೆ. ಅಲ್ಲಿ ಆಯ್ಕೆ ನಿಮ್ಮದು, ಮಾಡುವ ಕೆಲಸ ನೋಡಿ ಆರಿಸಿ: ಸಂಖ್ಯೆಯೊಳಗಿದ್ದರೆ ಅಂಕಿ, ಅಕ್ಷರದ ಪಕ್ಕದಲ್ಲಿದ್ದರೆ ಅನುಸ್ವಾರ ಅಥವಾ ಅರ್ಕಾವತ್ತು. ಅರ್ಕಾವತ್ತಿನ ಜಾಗದಲ್ಲಿ ‘೯’ ಅಂಕಿಯನ್ನು ಟೈಪ್ ಮಾಡುವುದು ಮೂಲನಿಷ್ಠೆಯಲ್ಲ, ಹೊಸದಾಗಿ ತಪ್ಪು ಸೇರಿಸಿದಂತೆ.

ಅರ್ಕಾವತ್ತಿನದು ಇನ್ನೊಂದು ಪ್ರಶ್ನೆ. ‘ತಿರ್ಥ’ದಲ್ಲಿ ಬರೆದವರು ‘ಥ’ದ ಪಕ್ಕ ಅರ್ಕಾವತ್ತು ಹಾಕಿರಬಹುದು, ಅಥವಾ ‘ರ’ ಬರೆದು ಕೆಳಗೆ ‘ಥ’ದ ಒತ್ತು ಕೊಟ್ಟಿರಬಹುದು. ಉಚ್ಚಾರಣೆ ಒಂದೇ, ಕಾಣುವ ರೂಪ ಬೇರೆ. ಎರಡನ್ನೂ ಟೈಪ್ ಮಾಡಲು ಸಾಧ್ಯ:

```
ರ್ಥ    U+0CB0 U+0CCD U+0CA5
ರ‍್ಥ    U+0CB0 U+200D U+0CCD U+0CA5
```

ಎರಡನೆಯದರ ನಡುವೆ ಇರುವ U+200D ಕಣ್ಣಿಗೆ ಕಾಣದ ಜೋಡಕ. ಈ ವ್ಯತ್ಯಾಸವನ್ನು ಉಳಿಸಬೇಕೇ ಎಂಬುದನ್ನು ಕೆಲಸದ ಮೊದಲೇ ನಿರ್ಧರಿಸಿ, ತಲೆಟಿಪ್ಪಣಿಯಲ್ಲಿ ಹೇಳಿ. ಬರವಣಿಗೆಯ ರೂಢಿಯನ್ನು ಅಭ್ಯಾಸ ಮಾಡುವವರಿಗೆ ಅದು ಬೇಕು. ಮನೆಯವರು ಓದಲೆಂದು ಮಾಡುವ ಪ್ರತಿಗೆ ಬೇಕಿಲ್ಲ. ಅರ್ಧ ಪತ್ರದಲ್ಲಿ ಉಳಿಸಿ ಅರ್ಧದಲ್ಲಿ ಬಿಡುವುದಂತೂ ಬೇಡ. ಈ ಕಾಣದ ಜೋಡಕವನ್ನು ಕೆಲವು ಪ್ರೋಗ್ರಾಂಗಳು ನಕಲು ಮಾಡಿ ಅಂಟಿಸುವಾಗ ತೆಗೆದುಹಾಕುತ್ತವೆ. ಆದ್ದರಿಂದ ಅಂಟಿಸಿದ ಮೇಲೆ ‘ರ’ದ ರೂಪ ಹಾಗೆಯೇ ಇದೆಯೇ ನೋಡಿ.

ತೆರೆಯ ಮೇಲೆ ಚುಕ್ಕಿಗಳಿಂದಾದ ಒಂದು ವೃತ್ತ ಕಾಣಿಸಿಕೊಂಡರೆ, ಕಾಗುಣಿತದ ಚಿಹ್ನೆಗೆ ಆಧಾರವಾಗಬೇಕಾದ ಅಕ್ಷರ ಅದರ ಹಿಂದೆ ಇಲ್ಲ ಎಂದರ್ಥ. ಹತ್ತರಲ್ಲಿ ಒಂಬತ್ತು ಸಲ ಅದು ನೀವು ಒತ್ತಿದ ಕ್ರಮದ ದೋಷ. ಬರೆದವರೇ ಹಾಗೆ ಅಸಾಧ್ಯವಾದದ್ದನ್ನು ಬರೆದಿದ್ದರೆ, ಹತ್ತಿರದ ರೂಪವನ್ನು ಟೈಪ್ ಮಾಡಿ, ಆಕಾರವನ್ನು ಟಿಪ್ಪಣಿಯಲ್ಲಿ ಮಾತಿನಲ್ಲಿ ವಿವರಿಸಿ, ಆ ಅಕ್ಷರದ ಚಿತ್ರ ಕತ್ತರಿಸಿ ಜೊತೆಗಿಡಿ.

ತಾಳೆ ನೋಡುವುದು

ಟೈಪ್ ಮಾಡಿದ ಕೂಡಲೇ ತಾಳೆ ನೋಡಿದರೆ ಏನೂ ಸಿಗುವುದಿಲ್ಲ, ಪತ್ರ ಬಾಯಿಪಾಠವಾಗಿರುತ್ತದೆ. ಒಂದು ದಿನ ಬಿಟ್ಟು, ಕೊನೆಯ ಸಾಲಿನಿಂದ ಮೊದಲ ಸಾಲಿಗೆ ಬನ್ನಿ. ಅರ್ಥದ ಓಟ ಮುರಿದುಹೋಗುವುದರಿಂದ ಕಣ್ಣಿಗೆ ಅಕ್ಷರ ಮಾತ್ರ ಉಳಿಯುತ್ತದೆ. ಇಬ್ಬರಿದ್ದರೆ ಒಬ್ಬರು ಚಿತ್ರ ನೋಡಿ ಅಕ್ಷರ ಬಿಡಿಸಿ, ಚುಕ್ಕಿ ಅಲ್ಪವಿರಾಮಗಳನ್ನೂ ಬಾಯಲ್ಲಿ ಹೇಳುತ್ತ ಓದಲಿ, ಇನ್ನೊಬ್ಬರು ಪಠ್ಯ ನೋಡಲಿ. ಪದವನ್ನು ಉಚ್ಚರಿಸಿದರೆ ಸಾಲದು. ಶ, ಷ ಎರಡನ್ನೂ ಒಂದೇ ಥರ ಉಚ್ಚರಿಸುವವರು ಹೆಚ್ಚು. ‘ಹೊಟ್ಟೆ ಸೀಳಿದ್ದು’, ‘ಹೊಟ್ಟೆ ಸೀಳದ್ದು’ ಎಂದು ಆಕಾರವನ್ನೇ ಹೇಳಬೇಕು.

ಆಮೇಲೆ ನಿಮ್ಮ ಕಣ್ಣು ಎಲ್ಲಿ ತಿದ್ದಿದೆ ಎಂದು ಹಿಡಿಯುವ ಒಂದು ಪರೀಕ್ಷೆ. ಬರೆದವರು ರೂಢಿ ಬಿಟ್ಟು ಬರೆದ ಪದಗಳ ಸರಿರೂಪಗಳನ್ನು ಫೈಲಿನಲ್ಲಿ ಹುಡುಕಿ: ಹಾಲು, ಬೇಕು, ನೀವು, ಔಷಧಿ, ಹುಷಾರಿಲ್ಲ. ಸಿಕ್ಕ ಪ್ರತಿಯೊಂದನ್ನೂ ಚಿತ್ರದ ಜೊತೆ ಮತ್ತೆ ಹೋಲಿಸಿ. ನಾಲ್ಕು ಕಡೆ ‘ಬೆಕು’ ಇದ್ದು ಐದನೆಯ ಕಡೆ ‘ಬೇಕು’ ಸಿಕ್ಕರೆ ಅದು ನಿಮ್ಮ ಕೈಚಳಕವೂ ಇರಬಹುದು, ಬರೆದವರದೇ ಇರಬಹುದು. ಚಿತ್ರ ಹೇಳಿದಂತೆ ಮಾಡಿ.

ಪತ್ರ ಮುಖ್ಯವಾದದ್ದಾದರೆ ಇಬ್ಬರು ಒಬ್ಬರದನ್ನೊಬ್ಬರು ನೋಡದೆ ಬೇರೆ ಬೇರೆಯಾಗಿ ಟೈಪ್ ಮಾಡಿ, ಎರಡು ಫೈಲುಗಳನ್ನು ಹೋಲಿಸುವುದಕ್ಕಿಂತ ಒಳ್ಳೆಯ ದಾರಿಯಿಲ್ಲ. ಫೈಲುಗಳ ವ್ಯತ್ಯಾಸ ತೋರಿಸಬಲ್ಲ ಗಿಟ್ ಎಂಬ ಪ್ರೋಗ್ರಾಂ ಇರುವ ಕಂಪ್ಯೂಟರಿನಲ್ಲಿ ಒಂದು ಸಾಲಿನ ಆದೇಶ ಸಾಕು:

```
git diff --no-index --word-diff a.txt b.txt
```

ಬೇರೆಯಾದ ಪದಗಳು ಎರಡೂ ರೂಪದಲ್ಲಿ ಅಕ್ಕಪಕ್ಕ ಕಾಣುತ್ತವೆ. ತೆರೆಯ ಮೇಲೆ ಎರಡೂ ಒಂದೇ ಎನಿಸಿದರೂ ವ್ಯತ್ಯಾಸ ತೋರಿಸುತ್ತಿದ್ದರೆ ಕಾಣದ ಜೋಡಕವೋ, ಅನುಸ್ವಾರ ಸೊನ್ನೆಗಳ ಅದಲುಬದಲೋ ಇರುತ್ತದೆ. ಈ ಹೋಲಿಕೆಗೂ ಒಂದು ಮಿತಿಯಿದೆ. ಇಬ್ಬರೂ ಒಂದೇ ಕಡೆ ಒಂದೇ ಥರ ತಿದ್ದಿದ್ದರೆ ಅದು ಸಿಗುವುದಿಲ್ಲ, ‘ಬೇಕು’ವಿನಂಥ ಪದದಲ್ಲಿ ಹಾಗಾಗುವುದು ಸಹಜ. ಆದ್ದರಿಂದ ಮೇಲೆ ಹೇಳಿದ ಹುಡುಕಾಟವನ್ನು ಇದಾದ ಮೇಲೂ ಬಿಡಬೇಡಿ.

ಸರಿರೂಪ ಎಲ್ಲಿಡುವುದು

‘ಹಾಲು’ ಎಂದು ಹುಡುಕುವವರಿಗೆ ‘ಆಲು’ ಸಿಗಬೇಕು, ಅರ್ಥ ತಿಳಿಯದವರಿಗೆ ಸಹಾಯವೂ ಬೇಕು. ಕೆಲವು ಸಲ ಟಿಪ್ಪಣಿ ಅನಿವಾರ್ಯ. ಇದೇ ಕೈ ‘ಅತ್ತಿಗೆಗೆ ಏಳಿ’ ಎಂದು ಬರೆದಿದ್ದರೆ ಅದು ‘ಹೇಳಿ’ ಎಂಬುದೋ ‘ಎದ್ದೇಳಿ’ ಎಂಬುದೋ ಎಂದು ಓದುಗರು ತಡವರಿಸುತ್ತಾರೆ. ಅಂಥ ಓದನ್ನು ಮೂಲದ ಒಳಗೆ ಸೇರಿಸದೆ, ಎರಡನೇ ಫೈಲಿನಲ್ಲಿ ಸಾಲಿನ ಸಂಖ್ಯೆ ಹಾಕಿ ಬರೆಯಿರಿ: ‘ಸಾಲು 4: ಆಲು = ಹಾಲು’. ಹತ್ತಾರು ಪತ್ರಗಳ ಸಂಗ್ರಹವಾದರೆ, ಪಠ್ಯ ಸಂಪಾದನೆಯಲ್ಲಿ ಬಳಕೆಯಲ್ಲಿರುವ TEI ಗುರುತುಗಳಲ್ಲಿ ಎರಡು ರೂಪವನ್ನೂ ಒಟ್ಟಿಗೆ ಇಡಬಹುದು:

```
<choice><sic>ಆಲು</sic><corr>ಹಾಲು</corr></choice>
```

ಇದರಿಂದ ಮೂಲದ ರೂಪ, ತಿದ್ದಿದ ರೂಪ ಯಾವುದು ಬೇಕೋ ಅದನ್ನು ತೋರಿಸಬಹುದು. ಆದರೆ `sic` ಎಂದರೆ ‘ಇದು ತಪ್ಪು’ ಎಂಬ ನಿಮ್ಮ ತೀರ್ಪು. ‘ಕುಡಿಯುತ್ತಿಲ್ಲಾ’ ಎಂಬ ದೀರ್ಘ, ಪದದ ಮೊದಲಲ್ಲಿ ಬರುವ ‘ಯೆಲ್ಲ’, ‘ವೊಂದು’ ಮುಂತಾದವು ಆಡುಮಾತಿನ ಅಥವಾ ಹಳೆಯ ಬರವಣಿಗೆಯ ರೂಪಗಳು. ಅವುಗಳಿಗೆ `sic`, `corr` ಬದಲು `orig`, `reg` ಎಂಬ ಜೋಡಿ ಬಳಸಿ. ಅದು ‘ಮೂಲದ ರೂಪ, ಇಂದಿನ ರೂಢಿಯ ರೂಪ’ ಎಂದಷ್ಟೇ ಹೇಳುತ್ತದೆ. ಯಾವುದು ತಪ್ಪು, ಯಾವುದು ಬರೀ ಬೇರೆ ಎಂದು ತೀರ್ಮಾನಿಸಲು ಆಗದಿದ್ದಾಗಲೂ ಈ ಎರಡನೆಯ ಜೋಡಿಯನ್ನೇ ಆರಿಸಿ.

ಕೊನೆಗೆ ಫೈಲಿನ ಹೆಸರು. ಚಿತ್ರಕ್ಕೂ ಪಠ್ಯಕ್ಕೂ ಒಂದೇ ಹೆಸರಿರಲಿ, `patra-07-p1.tif`, `patra-07-p1.txt` ಎನ್ನುವ ಹಾಗೆ, ಎರಡನ್ನೂ ಒಂದೇ ಫೋಲ್ಡರಿನಲ್ಲಿಡಿ. ‘೧[೦?]’ ಎಂಬುದರ ಮುಂದೆ ಮುಂದೊಂದು ದಿನ ಯಾರಾದರೂ ನಿಂತಾಗ ಆ ಮಡಿಕೆಯ ಗೆರೆಯನ್ನು ಅವರೇ ತೆರೆದು ನೋಡುವಂತಿರಬೇಕು.